‘ಬರಲಾ’ ಎಂದು ಕೇಳಿದ್ದು, ‘ಬರಲ್ಲ’ ಎಂದು ತಲುಪಿದ್ದು

ಜೂನ್ 23ರ ಮಂಗಳವಾರ ಮಧ್ಯಾಹ್ನ ಬೆಂಗಳೂರಿನ ಒಬ್ಬ ರಿಕ್ರೂಟರ್ ನನಗೆ ಕರೆ ಮಾಡಿ, ಮೊದಲ ಮಾತಿನಿಂದಲೇ ಕನ್ನಡದಲ್ಲಿ ಮಾತನಾಡಿದರು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸವಿದೆ, ಗುರುವಾರ 11 ಗಂಟೆಗೆ ಇಂಟರ್‌ವ್ಯೂ ಇಡಬಹುದು, ನೋಟಿಸ್ ಪೀರಿಯಡ್ ಮತ್ತು ಸಂಬಳದ ವಿವರಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ಎಂದರು. ಬಸ್ಸಿನಲ್ಲಿ ನಿಂತಿದ್ದ ನಾನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವನ್ನು ಒತ್ತಿ ಹೀಗೆ ಕಳುಹಿಸಿದೆ:

```
Mam Thursday 11 ge barala. Notice 60 days,
adralli 22. CTC amele helthini
```

ಸಂಜೆ ಅವರಿಂದ ‘ಸರಿ, ಪರವಾಗಿಲ್ಲ’ ಎಂಬ ಉತ್ತರ ಬಂದಿತು. ಯಾವುದಕ್ಕೆ ಪರವಾಗಿಲ್ಲ ಎಂದು ತಿಳಿಯದೆ ಕರೆ ಮಾಡಿದಾಗ, “ನೀವೇ ಬರಲ್ಲ ಅಂತ ಬರೆದಿದ್ರಲ್ಲ, ಆ ಸ್ಲಾಟ್ ಬೇರೆಯವರಿಗೆ ಕೊಟ್ಟೆ” ಎಂದರು.

ನಾನು ಕೇಳಿದ್ದು ‘ಬರಲಾ?’ ಎಂದು. ಕನ್ನಡದಲ್ಲಿ ‘ಬರಲಾ’ ಮತ್ತು ‘ಬರಲ್ಲ’ ಎಂಬ ಎರಡು ಮಾತುಗಳನ್ನು ಬೇರ್ಪಡಿಸುವುದು ಒಂದು ದೀರ್ಘ ಮತ್ತು ಒಂದು ಒತ್ತಕ್ಷರ. ಇಂಗ್ಲಿಷ್ ಅಕ್ಷರಗಳಲ್ಲಿ ಅವಸರದಿಂದ ಬರೆಯುವಾಗ ನಾವು ಕೈಬಿಡುವುದೂ ಅವೆರಡನ್ನೇ. ಪ್ರಶ್ನಾರ್ಥಕ ಚಿಹ್ನೆಯನ್ನೂ ನಾನು ಹಾಕಿರಲಿಲ್ಲವಾದ್ದರಿಂದ, ಅನುಮತಿ ಕೇಳುವ ಮಾತು ನಿರಾಕರಣೆಯ ಮಾತಾಗಿ ತಲುಪಿತ್ತು. ಕೆಲಸ ಬಿಡುತ್ತೇನೆ ಎಂಬುದನ್ನೂ ಬಿಟ್ಟಿದ್ದೇನೆ ಎಂಬುದನ್ನೂ ಹೀಗೆಯೇ ಒಂದಾಗಿಸಿಬಿಡಬಹುದು. ಅಂದರೆ ಕನ್ನಡ ವಾಕ್ಯದ ಕೊನೆಗೆ ಬರುವ ಕ್ರಿಯಾಪದದಲ್ಲಿಯೇ ಹೌದು, ಇಲ್ಲ, ಆಯಿತು, ಆಗಲಿದೆ ಎಂಬುದೆಲ್ಲ ಅಡಗಿರುವುದರಿಂದ, ಕನಿಷ್ಠ ಆ ಪದವನ್ನಾದರೂ ಕನ್ನಡ ಲಿಪಿಯಲ್ಲಿ ಬರೆಯಬೇಕಾಗಿತ್ತು.

ಎರಡನೆಯ ಗೊಂದಲ 22ರದ್ದು. ನಾನು ರಾಜೀನಾಮೆ ಕೊಟ್ಟದ್ದು ಜೂನ್ 2ರಂದು. ಅರವತ್ತು ದಿನಗಳಲ್ಲಿ 22 ಮುಗಿದು 38 ಉಳಿದಿದ್ದವು. ಅವರು ಮಾತ್ರ ಉಳಿದಿರುವುದೇ 22 ಎಂದುಕೊಂಡು ತಮ್ಮ ಎಕ್ಸೆಲ್ ಹಾಳೆಯಲ್ಲಿ ಹಾಗೆಯೇ ತುಂಬಿದ್ದರು. ಆ ಹಾಳೆ ಹೋಗುವುದು ಪುಣೆಯಲ್ಲಿರುವ ಮ್ಯಾನೇಜರ್‌ಗೆ ಎಂದೂ, ಅವರಿಗೆ ಕನ್ನಡ ಬಾರದು ಎಂದೂ ಆಗ ತಿಳಿಯಿತು. ನನ್ನ ಸಂದೇಶವನ್ನು ಓದುವವರು ಒಬ್ಬರೇ ಅಲ್ಲ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಮನೆ ತಲುಪಿದ ಮೇಲೆ ಇನ್ನೊಂದು ಸಂದೇಶ ಬರೆಯಲು ಕುಳಿತೆ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದುಬಿಡೋಣವೇ ಎಂದು ಮೊದಲು ಯೋಚಿಸಿದೆ. ಆದರೆ ಅವರು ಕನ್ನಡದಲ್ಲಿ ಮಾತನಾಡಿದ ಮೇಲೆ, ಕ್ಷಮೆ ಕೇಳುವ ಹೊತ್ತಿಗೆ ನಾನು ಇಂಗ್ಲಿಷಿಗೆ ಜಾರಿದರೆ ಅದು ದೂರ ಸರಿದಂತೆ ಕಾಣುತ್ತಿತ್ತು. ಹಾಗೆಂದು ನೋಟಿಸ್ ಪೀರಿಯಡ್‌ಗೆ ‘ಪೂರ್ವಸೂಚನಾ ಅವಧಿ’ ಎಂದು ಬರೆದಿದ್ದರೆ, ಹಾಳೆಗೆ ತುಂಬುವ ಮೊದಲು ಅವರು ಅದನ್ನು ತಿರುಗಿ ಇಂಗ್ಲಿಷಿಗೆ ತರಬೇಕಾಗುತ್ತಿತ್ತು. ಆದ್ದರಿಂದ ಅವರೊಬ್ಬರಿಗೇ ಹೇಳುವ ಮಾತನ್ನು ಕನ್ನಡ ಲಿಪಿಯಲ್ಲಿಯೂ, ಅವರು ಮುಂದಕ್ಕೆ ದಾಟಿಸಬೇಕಾದ ವಿವರವನ್ನು ಪ್ರತ್ಯೇಕ ಸಾಲಿನಲ್ಲಿ ಇಂಗ್ಲಿಷಿನಲ್ಲಿಯೂ ಬರೆದೆ:

```
ನಮಸ್ಕಾರ ಮೇಡಂ. ನನ್ನ ಸಂದೇಶದಿಂದ ಗೊಂದಲವಾಯಿತು, ಕ್ಷಮಿಸಿ.
ಇಂಟರ್‌ವ್ಯೂಗೆ ಖಂಡಿತ ಬರುತ್ತೇನೆ. ಗುರುವಾರ ಅಥವಾ
ಶುಕ್ರವಾರ ಯಾವ ಸಮಯವಾದರೂ ಆಗುತ್ತದೆ.

Notice period: 60 days
Last working day: 31 July

ಸಂಬಳದ ವಿವರವನ್ನು ಇಂದು ರಾತ್ರಿ 9ರೊಳಗೆ ಕಳುಹಿಸುತ್ತೇನೆ.
```

ಎಷ್ಟು ದಿನ ಮುಗಿದಿವೆ, ಎಷ್ಟು ಉಳಿದಿವೆ ಎಂಬ ಲೆಕ್ಕವನ್ನು ತೆಗೆದು ಕೊನೆಯ ದಿನಾಂಕವನ್ನೇ ಕೊಟ್ಟೆ, ಏಕೆಂದರೆ ಆ ಲೆಕ್ಕ ದಿನಕ್ಕೊಮ್ಮೆ ಬದಲಾಗುತ್ತದೆ, ದಿನಾಂಕ ಬದಲಾಗುವುದಿಲ್ಲ. ‘ಆಮೇಲೆ ಹೇಳ್ತೀನಿ’ ಎಂಬುದು ಫೋನಿನಲ್ಲಿ ದನಿಯ ಬಲದಿಂದ ಸೌಜನ್ಯವಾಗಿಯೇ ಕೇಳಿಸುತ್ತದೆ. ಬರಹದಲ್ಲಿ ಅದು ಮುಖ ತಿರುಗಿಸಿದಂತೆ ಕಾಣುವುದರಿಂದ ಅಲ್ಲೊಂದು ಗಂಟೆಯನ್ನು ನಮೂದಿಸಿದೆ. ‘ಇಂಟರ್‌ವ್ಯೂಗೆ’ ಎಂಬ ಪದವನ್ನು ಮಾತ್ರ ಬದಲಾಯಿಸಲಿಲ್ಲ. ಇಂಗ್ಲಿಷ್ ಪದಕ್ಕೆ ಕನ್ನಡದ ಪ್ರತ್ಯಯ ಹತ್ತಿಸುವುದು ನಾವು ನಿತ್ಯ ಆಡುವ ಮಾತು, ಅದರಲ್ಲಿ ಅಸಡ್ಡೆಯೇನೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಪ್ರತ್ಯಯವನ್ನು ಬೇರ್ಪಡಿಸಿ ‘interview ge’ ಎಂದು ಬಿಟ್ಟಾಗ ಮಾತ್ರ ಅದು ಅರ್ಧಕ್ಕೆ ನಿಲ್ಲಿಸಿದ ಕೆಲಸದಂತೆ ತೋರುತ್ತದೆ. ಅವರು ಇಂಗ್ಲಿಷಿನಲ್ಲಿ ಮಾತ್ರ ವ್ಯವಹರಿಸಿದ್ದರೆ ನಾನು ಕನ್ನಡದ ಸಾಲುಗಳನ್ನು ಬರೆಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಕಳುಹಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿದೆ, ಹೇಳಿದ ಹೊತ್ತಿನೊಳಗೆ ಸಂಬಳದ ವಿವರವನ್ನೂ ಕಳುಹಿಸಿದೆ. ಮರುದಿನ ಬೆಳಿಗ್ಗೆ ‘ಶುಕ್ರವಾರ 4 ಗಂಟೆಗೆ ಬನ್ನಿ’ ಎಂಬ ಉತ್ತರ ಬಂದಿತು. ಶುಕ್ರವಾರ ಪುಣೆಯ ಮ್ಯಾನೇಜರ್ ವಿಡಿಯೋ ಕರೆಯಲ್ಲಿ ತಮ್ಮ ಹಾಳೆಯನ್ನು ತೆರೆದು ತೋರಿಸಿದಾಗ, ನನ್ನ ಹೆಸರಿನ ಮುಂದೆ ಆ ಎರಡು ಇಂಗ್ಲಿಷ್ ಸಾಲುಗಳು ನಾನು ಬರೆದಂತೆಯೇ ಇದ್ದವು.