ವೇಗಕ್ಕೆ ಸೊನ್ನೆ ಬರೆದ ಹುಡುಗ

ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸಿದ ದಿನ, ಕೊನೆಯ ಬೆಂಚಿನ ಹುಡುಗನೊಬ್ಬ ತನ್ನ ಹಾಳೆಯನ್ನು ಹಿಡಿದುಕೊಂಡು ಮೇಜಿನ ಬಳಿ ಬಂದು ನಿಂತ. ‘ಚಲನೆ’ ಪಾಠದ ಮೇಲೆ ನಾನೇ ರಚಿಸಿದ್ದ ಪ್ರಶ್ನೆಯೊಂದು ಅದರಲ್ಲಿತ್ತು. ಒಂದು ಬಸ್ಸು 60 ಕಿಲೋಮೀಟರ್ ದೂರದ ಊರಿಗೆ 2 ಗಂಟೆಯಲ್ಲಿ ಹೋಗಿ, ಅದೇ ದಾರಿಯಲ್ಲಿ 3 ಗಂಟೆಯಲ್ಲಿ ಹಿಂದಿರುಗಿದರೆ, ಇಡೀ ಪ್ರಯಾಣದಲ್ಲಿ ಅದರ ಸರಾಸರಿ ವೇಗವೆಷ್ಟು? ಹುಡುಗ ‘ಸೊನ್ನೆ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಎರಡು ಅಂಕ ಕಳೆದಿದ್ದೆ.

ಈ ಲೆಕ್ಕವನ್ನು ಕೊಡುವಾಗ ನನ್ನ ಗಮನವೆಲ್ಲ ‘ಸರಾಸರಿ’ಯ ಮೇಲಿತ್ತು. ಹೋಗುವಾಗ ಗಂಟೆಗೆ 30, ಬರುವಾಗ ಗಂಟೆಗೆ 20 ಕಿಲೋಮೀಟರ್ ಆಗುವುದರಿಂದ, ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ 25 ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಹೋಗುವಾಗಲೂ ಬರುವಾಗಲೂ ಬಸ್ಸು ಸಮನಾದ ಹೊತ್ತು ಓಡಿದ್ದರೆ ಮಾತ್ರ ಆ ಉತ್ತರ ಸರಿಹೋಗುತ್ತಿತ್ತು. ಇಲ್ಲಿ ನಿಧಾನದ ಪ್ರಯಾಣಕ್ಕೆ ಒಂದು ಗಂಟೆ ಹೆಚ್ಚು ಹಿಡಿದಿದೆ. ಆದ್ದರಿಂದ ಒಟ್ಟು 120 ಕಿಲೋಮೀಟರನ್ನು ಒಟ್ಟು 5 ಗಂಟೆಯಿಂದ ಭಾಗಿಸಿ 24 ಎನ್ನಬೇಕು. ಆ 25ನ್ನು ಹಿಡಿಯಲೆಂದು ಬಲೆ ಬೀಸಿದವನು, ಬಲೆಯಲ್ಲಿ ನಾನೇ ಸಿಕ್ಕಿಬಿದ್ದಿರುವುದನ್ನು ಗಮನಿಸಿರಲಿಲ್ಲ.

“ಸರ್, ನೀವೇ ಹೇಳಿಕೊಟ್ಟಿದ್ದಲ್ಲವೇ, ವೇಗ ಎಂದರೆ ಸ್ಥಾನಪಲ್ಲಟವನ್ನು ಕಾಲದಿಂದ ಭಾಗಿಸಿದ್ದು ಅಂತ? ಬಸ್ಸು ಹೊರಟಲ್ಲಿಗೇ ವಾಪಸ್ಸು ಬಂತಲ್ಲ.”

ಹುಡುಗ ಹೇಳಿದ್ದು ಅಕ್ಷರಶಃ ಸರಿ. ನಮ್ಮ ಪಠ್ಯಪುಸ್ತಕದಲ್ಲಿ, ಕ್ರಮಿಸಿದ ದೂರವನ್ನು ಕಾಲದಿಂದ ಭಾಗಿಸಿದರೆ ಬರುವುದು ಜವ. ಅದಕ್ಕೆ ದಿಕ್ಕಿನ ಹಂಗಿಲ್ಲ. ಹೊರಟ ಬಿಂದುವಿನಿಂದ ತಲುಪಿದ ಬಿಂದುವಿಗೆ ಇರುವ ನೇರ ಅಂತರವನ್ನು, ದಿಕ್ಕಿನ ಸಮೇತ ತೆಗೆದುಕೊಂಡರೆ ಅದು ಸ್ಥಾನಪಲ್ಲಟ. ವೇಗವು ಅದರಿಂದ ಹುಟ್ಟುತ್ತದೆ. ನಾನು ಕೇಳಬೇಕಾಗಿದ್ದದ್ದು ಸರಾಸರಿ ಜವವನ್ನು. ಆದರೆ ಪ್ರಶ್ನೆ ಬರೆಯುವಾಗ ಕೈಗೆ ಬಂದದ್ದು, ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿರುವ ‘ವೇಗ’.

ಪಾಠ ಮಾಡುವಾಗ ನಾನು ಹೆದರಿದ್ದು ‘ಜವ’ದ ಬಗ್ಗೆ. ಅದನ್ನು ಹಲಗೆಯ ಮೇಲೆ ಬರೆದ ದಿನ ಒಬ್ಬ “ಜವರಾಯನಾ ಸರ್?” ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದ್ದ. ಆದರೆ ಆ ಅಪರಿಚಿತ ಪದದಲ್ಲಿ ಯಾರೂ ಎಡವಲಿಲ್ಲ; ಹೊಸದಾದ್ದರಿಂದ ಅದರ ವ್ಯಾಖ್ಯೆಯನ್ನೇ ಕಲಿತರು. ಎಡವಿದ್ದು ಪರಿಚಿತವಾದ ವೇಗದಲ್ಲಿ. ಹನುಮಂತನ ಶ್ಲೋಕದಲ್ಲಿ ‘ಮನೋಜವಂ, ಮಾರುತತುಲ್ಯವೇಗಂ’ ಎಂದು ಎರಡೂ ಪದಗಳು ಅಕ್ಕಪಕ್ಕದಲ್ಲೇ ಬರುತ್ತವೆ, ಎರಡರ ಅರ್ಥವೂ ಒಂದೇ. ಅವುಗಳ ನಡುವೆ ದಿಕ್ಕಿನ ಗೋಡೆ ಎಬ್ಬಿಸಿದ್ದು ಭೌತವಿಜ್ಞಾನದ ಪರಿಭಾಷೆಯೇ ಹೊರತು ಭಾಷೆಯಲ್ಲ.

ಅದೇ ದಿನ ಮಧ್ಯಾಹ್ನ ಹತ್ತನೆಯ ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಪಾಠವಿತ್ತು. 12, 35, 9, 28, 40, 17, 22 ಎಂಬ ಏಳು ಅಂಕಗಳನ್ನು ಬರೆದು ಮಧ್ಯಾಂಕವನ್ನು ಕೇಳಿದೆ. ಮುಂದಿನ ಸಾಲಿನ ಹುಡುಗಿ ಥಟ್ಟನೆ 28 ಎಂದಳು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಅದು ನಾಲ್ಕನೆಯದು. ಮಧ್ಯದ ಅಂಕವೇ ಮಧ್ಯಾಂಕ ಎಂದು ಅವಳು ಪದವನ್ನು ಬಿಡಿಸಿಕೊಂಡಿದ್ದಳು, ಸಂಧಿಯ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಮೊದಲು ಏರಿಕೆಯ ಕ್ರಮದಲ್ಲಿ ಜೋಡಿಸಬೇಕೆಂಬುದನ್ನು ಮಾತ್ರ ಆ ಪದ ಹೇಳುವುದಿಲ್ಲ. 9, 12, 17, 22, 28, 35, 40 ಎಂದು ಜೋಡಿಸಿದಾಗ ನಡುವೆ ನಿಂತದ್ದು 22. ಅತಿ ಹೆಚ್ಚು ಸಲ ಬರುವ ಬೆಲೆಗೆ ಇರುವ ‘ಬಹುಲಕ’ ಎಂಬ ಪದವನ್ನು ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಆಡುವುದಿಲ್ಲ. ಅದರ ಲೆಕ್ಕದಲ್ಲಿ ಆ ತರಗತಿಯವರು ಇಂಥ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ.

ಉತ್ತರ ಪತ್ರಿಕೆಗಳನ್ನು ಮತ್ತೆ ಪಡೆದು, ಆ ಹುಡುಗನಿಗೆ ಎರಡು ಅಂಕ ಸೇರಿಸಿದೆ. 24 ಎಂದು ಬರೆದವರ ಅಂಕವನ್ನು ಕಳೆಯಲಿಲ್ಲ, ತಪ್ಪು ಪ್ರಶ್ನೆಯದಾಗಿತ್ತು. ಕಡತದಲ್ಲಿದ್ದ ಪ್ರಶ್ನೆಪತ್ರಿಕೆಯಲ್ಲಿ ‘ವೇಗ’ವನ್ನು ಹೊಡೆದು ‘ಜವ’ ಎಂದು ತಿದ್ದಿದೆ.

ಸಂಜೆ ಸ್ಕೂಟರಿನ ಬಳಿ ಹೋದಾಗ ಅವನು ಅಲ್ಲೇ ನಿಂತು ಅದರ ಮುಂಭಾಗವನ್ನು ಬಗ್ಗಿ ನೋಡುತ್ತಿದ್ದ. “ಸರ್, ಇದರ ಮುಳ್ಳು ದಿಕ್ಕು ತೋರಿಸಲ್ಲವಲ್ಲ, ಮತ್ತೆ ಇದನ್ನು ವೇಗಮಾಪಕ ಅಂತ ಯಾಕೆ ಕರೀತಾರೆ?”