ಹದಿಮೂರು ಪಟ್ಟು ಬಲ ಎಲ್ಲಿಗೆ ಹೋಗುತ್ತದೆ?

“ಲಿಫ್ಟ್‌ನ ಹಗ್ಗಕ್ಕೆ ಬೇಕಾದ್ದಕ್ಕಿಂತ ಹನ್ನೆರಡು ಪಟ್ಟು ಜಾಸ್ತಿ ಬಲ ಇರುತ್ತೆ ಅಂತೀರಿ. ಹಾಗಾದ್ರೆ ಎಂಟು ಜನ ಅಂತ ಬರೆದಿರೋ ಕಡೆ ಇನ್ನೂ ನಾಲ್ಕು ಜನ ಹತ್ತಿದ್ರೆ ಏನು ತೊಂದರೆ?”

ಹಗ್ಗ ತುಂಡಾಗುವುದಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ಅದು ಅರ್ಥವಾಗಬೇಕಾದರೆ ಫ್ಯಾಕ್ಟರ್ ಆಫ್ ಸೇಫ್ಟಿಯ ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡಬೇಕು.

ಹತ್ತು ಮಹಡಿಯ ಒಂದು ಅಪಾರ್ಟ್‌ಮೆಂಟ್ ತೆಗೆದುಕೊಳ್ಳೋಣ. ಲಿಫ್ಟ್ ಒಳಗಿನ ಫಲಕದಲ್ಲಿ “8 ಜನ, 544 ಕೆಜಿ” ಎಂದು ಬರೆದಿರುತ್ತದೆ. ನಮ್ಮ ದೇಶದ ಲಿಫ್ಟ್‌ಗಳಲ್ಲಿ ಒಬ್ಬರಿಗೆ 68 ಕೆಜಿ ಎಂದು ಹಿಡಿಯುತ್ತಾರೆ, ಎಂಟರಿಂದ ಗುಣಿಸಿದರೆ 544. ಕ್ಯಾಬಿನ್ನೇ ಸುಮಾರು 900 ಕೆಜಿ ಇದೆ ಎಂದುಕೊಳ್ಳಿ. ಹಗ್ಗಗಳ ಸ್ವಂತ ತೂಕವನ್ನೂ ಸೇರಿಸಿದರೆ ಒಟ್ಟು 1,500 ಕೆಜಿ. ಇದನ್ನು ಹೊರುವುದು 13 ಮಿಲಿಮೀಟರ್ ದಪ್ಪದ ಮೂರು ಉಕ್ಕಿನ ಹಗ್ಗಗಳು. ಅಂಥ ಒಂದು ಹಗ್ಗ ತುಂಡಾಗಬೇಕಾದರೆ ಸುಮಾರು ಆರೂವರೆ ಟನ್ ಎಳೆತ ಬೇಕು. ಮೂರಕ್ಕೆ 19,500 ಕೆಜಿ ಆಯಿತು. ಅದನ್ನು 1,500ರಿಂದ ಭಾಗಿಸಿದರೆ 13 ಬರುತ್ತದೆ. ಇದೇ ಈ ಹಗ್ಗದ ಫ್ಯಾಕ್ಟರ್ ಆಫ್ ಸೇಫ್ಟಿ: ಮುರಿಯುವ ಭಾರವನ್ನು ದಿನನಿತ್ಯ ಹೊರುವ ಭಾರದಿಂದ ಭಾಗಿಸಿದ ಸಂಖ್ಯೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಹಗ್ಗಗಳಿರುವ ಇಂಥ ಲಿಫ್ಟ್‌ಗೆ ಯುರೋಪಿನ ಮಾನದಂಡ ಕನಿಷ್ಠ 12 ಇರಬೇಕು ಎನ್ನುತ್ತದೆ. ಎರಡೇ ಹಗ್ಗ ಇದ್ದರೆ 16 ಕೇಳುತ್ತದೆ. ಒಂದು ಹಗ್ಗ ಕೈಕೊಟ್ಟರೆ ಉಳಿಯುವುದು ಇನ್ನೊಂದೇ, ಅಲ್ವಾ?

ಈಗ ನಾಲ್ಕು ಜನ ಜಾಸ್ತಿ ಹತ್ತಿದರು ಎನ್ನಿ. 272 ಕೆಜಿ ಸೇರಿತು. ಹದಿಮೂರು ಇದ್ದದ್ದು ಹನ್ನೊಂದಕ್ಕೆ ಇಳಿಯಿತು, ಅಷ್ಟೇ. ಹಾಗಾಗಿ ಹಗ್ಗದ ಬಗ್ಗೆ ನೀವು ಅಂದುಕೊಂಡದ್ದು ತಪ್ಪಲ್ಲ.

ಆದರೆ ಆ ಹದಿಮೂರರಲ್ಲಿ ಹನ್ನೆರಡು ಪಟ್ಟು ಸುಮ್ನೆ ಖಾಲಿ ಬಿದ್ದಿದೆ ಎಂದುಕೊಳ್ಳಬೇಡಿ. ಮೇಲಿನ ಲೆಕ್ಕದಲ್ಲಿ ಹಗ್ಗ ನೇರವಾಗಿ ತೂಗುತ್ತಿದೆ ಎಂದು ಹಿಡಿದಿದ್ದೇವೆ. ನಿಜದಲ್ಲಿ ಅದು ಮೋಟಾರಿನ ರಾಟೆಯ ಮೇಲೆ ಬಾಗಿ ಹೋಗುತ್ತದೆ. ಈ ಹಗ್ಗದಲ್ಲಿ ಎಂಟು ಪುರಿಗಳು, ಒಂದೊಂದು ಪುರಿಯಲ್ಲಿ ಹತ್ತೊಂಬತ್ತು ತೆಳು ತಂತಿಗಳು. ರಾಟೆಯ ವ್ಯಾಸ ಹಗ್ಗದ ದಪ್ಪಕ್ಕಿಂತ ನಲವತ್ತು ಪಟ್ಟಾದರೂ ಇರಬೇಕೆಂಬ ನಿಯಮ ಇದೆ. ಅಷ್ಟು ದೊಡ್ಡ ರಾಟೆ ಹಾಕಿದರೂ, ಸರಳ ಲೆಕ್ಕದಲ್ಲಿ, ಬರೀ ಬಾಗುವುದಕ್ಕೇ ಹೊರಗಿನ ತಂತಿಯ ಬಲದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಖರ್ಚಾಗುತ್ತದೆ. ಭಾರ ಹೊರಲು ಖರ್ಚಾಗುವುದು ಹದಿಮೂರನೇ ಒಂದು ಭಾಗ. ಅಂದರೆ ತಂತಿಯನ್ನು ಹೆಚ್ಚು ದಣಿಸುವುದು ಒಳಗಿರುವ ಜನರಲ್ಲ, ಆ ರಾಟೆ. ಎರಡನ್ನೂ ಕೂಡಿಸಿದರೆ ಹದಿಮೂರು ಎಂದು ಕಂಡದ್ದು ಮೂರೂವರೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಇದಿನ್ನೂ ಹೊಸ ಹಗ್ಗದ ಮಾತು. ಬೈಂಡಿಂಗ್ ವೈರನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಲಿಫ್ಟ್ ಮೇಲೆ ಕೆಳಗೆ ಹೋದಾಗಲೆಲ್ಲ ಪ್ರತಿ ತಂತಿಗೂ ಅದೇ ಆಗುತ್ತಿರುತ್ತದೆ, ತುಂಬಾ ನಿಧಾನವಾಗಿ. ವರ್ಷಗಳು ಕಳೆದಂತೆ ಒಂದೊಂದೇ ತಂತಿ ತುಂಡಾಗುತ್ತದೆ. ಮೂರು ಹಗ್ಗಗಳ ಬಿಗಿ ಒಂದೇ ಸಮ ಇರುವುದಿಲ್ಲ, ಬಿಗಿಯಾದದ್ದು ತನ್ನ ಪಾಲಿಗಿಂತ ಹೆಚ್ಚು ಹೊರುತ್ತದೆ. ಎಣ್ಣೆ ಒಣಗಿದರೆ ಒಳಗಿನ ತಂತಿಗಳು ಒಂದನ್ನೊಂದು ತಿಕ್ಕಿಕೊಂಡು ಸವೆಯುತ್ತವೆ, ಹಗ್ಗದ ಮೇಲೆ ಕೆಂಪು ಪುಡಿ ಕಾಣಿಸುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ ಸುಮ್ಮನಾಗುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ತಪಾಸಣೆಗೆ ಬರುವ ಮೆಕ್ಯಾನಿಕ್ ತುಂಡಾದ ತಂತಿಗಳನ್ನು ಎಣಿಸಬೇಕು, ಹಗ್ಗದ ದಪ್ಪ ಎಷ್ಟು ಕಡಿಮೆಯಾಗಿದೆ ಎಂದು ಅಳೆಯಬೇಕು. ಮಿತಿ ದಾಟಿದ ಹಗ್ಗವನ್ನು ಬದಲಾಯಿಸುವವರೆಗೆ ಏನೂ ಅನಾಹುತ ಆಗದಿರಲಿ ಎಂದೇ ಆ ದೊಡ್ಡ ಸಂಖ್ಯೆ ಇಟ್ಟಿರುವುದು.

ಇನ್ನು ತೊಂದರೆ ಬರುವ ಜಾಗಕ್ಕೆ ಬರೋಣ. ಹಗ್ಗದ ಇನ್ನೊಂದು ತುದಿಯಲ್ಲಿ ಕೌಂಟರ್‌ವೇಟ್ ಇರುತ್ತದೆ. ಅದರ ತೂಕವನ್ನು ಸಾಮಾನ್ಯವಾಗಿ ಕ್ಯಾಬಿನ್ ತೂಕಕ್ಕೆ ಜನರ ತೂಕದ ಅರ್ಧದಷ್ಟು ಸೇರಿಸಿ ನಿಗದಿ ಮಾಡುತ್ತಾರೆ. ನಮ್ಮ ಲಿಫ್ಟ್‌ನಲ್ಲಿ 900ಕ್ಕೆ 272 ಸೇರಿಸಿ 1,172 ಕೆಜಿ. ಎಂಟು ಜನ ತುಂಬಿದಾಗ ಕ್ಯಾಬಿನ್ ಕಡೆ 1,444 ಕೆಜಿ. ಎರಡರ ವ್ಯತ್ಯಾಸ 272 ಕೆಜಿ. ಲಿಫ್ಟ್ ನಿಂತಿರುವಾಗ ಬ್ರೇಕ್ ಹಿಡಿದುಕೊಳ್ಳುವುದು ಈ ವ್ಯತ್ಯಾಸವನ್ನು ಮಾತ್ರ.

ನಾಲ್ಕು ಜನ ಜಾಸ್ತಿ ಹತ್ತಿದರೆ ಕ್ಯಾಬಿನ್ ಕಡೆ 1,716 ಆಗುತ್ತದೆ. ವ್ಯತ್ಯಾಸ 544ಕ್ಕೆ ಏರುತ್ತದೆ. ಜನ ಒಂದೂವರೆ ಪಟ್ಟಾದರು, ಆದರೆ ಬ್ರೇಕಿನ ಮೇಲಿನ ಹೊರೆ ಎರಡು ಪಟ್ಟಾಯಿತು! ಬ್ರೇಕಿಗೆ ಹಗ್ಗದಂತೆ ಹನ್ನೆರಡು ಪಟ್ಟು ಬಲ ಕೊಟ್ಟಿರುವುದಿಲ್ಲ. ಫಲಕದ ಭಾರಕ್ಕಿಂತ ಕಾಲು ಭಾಗ ಹೆಚ್ಚು, ಅಂದರೆ 680 ಕೆಜಿ ಹೊತ್ತು ಕೆಳಗಿಳಿಯುತ್ತಿರುವ ಲಿಫ್ಟನ್ನು ಅದು ನಿಲ್ಲಿಸಬೇಕು ಎಂಬುದು ನಿಯಮ. ಹನ್ನೆರಡು ಜನ ಎಂದರೆ 816 ಕೆಜಿ. ಆ ಪರೀಕ್ಷೆ ಇಷ್ಟು ಭಾರಕ್ಕೆ ನಡೆದೇ ಇಲ್ಲ.

ಒಂದಕ್ಕೆ 12, ಇನ್ನೊಂದಕ್ಕೆ ಒಂದೂಕಾಲು, ಯಾಕೆ ಹೀಗೆ? ಬ್ರೇಕನ್ನು ಪರೀಕ್ಷಿಸಿ ನೋಡಬಹುದು. ಕ್ಯಾಬಿನ್ನಿಗೆ ತೂಕದ ಕಲ್ಲುಗಳನ್ನು ತುಂಬಿ ಇಳಿಸಿ ನಿಲ್ಲಿಸಿದರೆ ಹಿಡಿಯಿತೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಹಗ್ಗದೊಳಗೆ ಎಷ್ಟು ತಂತಿ ತುಂಡಾಗಿದೆ ಎಂದು ಹೊರಗಿನಿಂದ ಪೂರ್ತಿ ಕಾಣುವುದಿಲ್ಲ. ತಿಳಿಯಲಾಗದ್ದು ಎಷ್ಟು ಜಾಸ್ತಿಯೋ ಸಂಖ್ಯೆಯೂ ಅಷ್ಟು ದೊಡ್ಡದು.

ಹೆಚ್ಚು ಜನ ಹತ್ತಿದಾಗ ಲಿಫ್ಟ್ ಸಿನಿಮಾದಲ್ಲಿ ತೋರಿಸುವಂತೆ ಧೊಪ್ಪನೆ ಬೀಳುವುದಿಲ್ಲ. ವೇಗ ಮಿತಿ ಮೀರಿದರೆ ಕ್ಯಾಬಿನ್ ಕೆಳಗಿನ ಸೇಫ್ಟಿ ಗೇರ್ ಹಳಿಗಳನ್ನು ಕಚ್ಚಿ ಹಿಡಿಯುತ್ತದೆ. ಆದರೆ ಬ್ರೇಕಿನ ಲೈನಿಂಗ್ ಸವೆದಿದ್ದರೆ, ಅದಕ್ಕೆ ಎಣ್ಣೆ ತಾಗಿದ್ದರೆ, ಬಾಗಿಲು ತೆರೆದಿರುವಾಗಲೇ ಕ್ಯಾಬಿನ್ ನಿಧಾನವಾಗಿ ಜಾರಬಹುದು. ಇಲ್ಲವೇ ಹಗ್ಗವೇ ರಾಟೆಯ ಮೇಲೆ ಜಾರಬಹುದು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟವರ ಗತಿ ಏನು? ವೇಗ ಕಡಿಮೆ ಇರುವುದರಿಂದ ಸೇಫ್ಟಿ ಗೇರ್ ಆಗ ಕೆಲಸ ಮಾಡುವುದಿಲ್ಲ. ಈಚಿನ ಲಿಫ್ಟ್‌ಗಳಲ್ಲಿ ಈ ಜಾರುವಿಕೆಯನ್ನು ತಡೆಯಲು ಬೇರೆಯೇ ವ್ಯವಸ್ಥೆ ಇರುತ್ತದೆ. ಹಳೆಯ ಎಷ್ಟೋ ಲಿಫ್ಟ್‌ಗಳಲ್ಲಿ ಇಲ್ಲ. ಭಾರ ಹೆಚ್ಚಾದಾಗ ಗಂಟೆ ಹೊಡೆದು ಲಿಫ್ಟ್ ಕದಲದೆ ನಿಲ್ಲುವುದು ಈ ಕಾರಣಕ್ಕೇ. ದಯವಿಟ್ಟು ಕೊನೆಗೆ ಹತ್ತಿದವರು ಇಳಿಯಿರಿ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರಿಗೆ ಇನ್ನೊಂದು ಮಾತು. ಅಂದಕ್ಕೆಂದು ಕ್ಯಾಬಿನ್ ನೆಲಕ್ಕೆ ಗ್ರಾನೈಟ್ ಹಾಕಿಸುತ್ತಾರೆ. ಒಂದೂವರೆ ಚದರ ಮೀಟರಿನಷ್ಟು ನೆಲಕ್ಕೆ 20 ಮಿಲಿಮೀಟರ್ ಕಲ್ಲು ಹಾಸಿದರೆ ಸುಮಾರು 80 ಕೆಜಿ. ಫಲಕದಲ್ಲಿ ಎಂಟು ಜನ ಎಂದೇ ಇರುತ್ತದೆ, ಆದರೆ ಒಂಬತ್ತನೆಯವರು ರಾತ್ರಿ ಹಗಲು ಒಳಗೇ ನಿಂತ ಹಾಗೆ. ತುಂಬಿದ ಲಿಫ್ಟ್‌ನಲ್ಲಿ ಬ್ರೇಕ್ ಹಿಡಿಯಬೇಕಾದ ವ್ಯತ್ಯಾಸ 272ರಿಂದ 350ಕ್ಕೆ ಹೋಗುತ್ತದೆ. ಕಲ್ಲು ಹಾಕಿಸುವ ಮೊದಲೇ ಲಿಫ್ಟ್ ಕಂಪನಿಯವರಿಗೆ ತಿಳಿಸಿ, ಕೌಂಟರ್‌ವೇಟ್ ಸರಿಹೊಂದಿಸಿ, ಬ್ರೇಕನ್ನು ಮತ್ತೆ ಪರೀಕ್ಷಿಸಿ ಎಂದು ಬರವಣಿಗೆಯಲ್ಲಿ ಕೇಳಿ.