ಒಳಲೂಪಿನ ಲೆಕ್ಕ: ಹಳೆಯ ನೋಟ್‌ಬುಕ್ ತಿದ್ದುವ ಕೆಲಸ ಎಲ್ಲಿಗೆ ಬಂತು

ಮೊದಲ ವಾರ

ಕಪಾಟು ಖಾಲಿ ಮಾಡುವಾಗ ಓದುವ ದಿನಗಳ ನೋಟ್‌ಬುಕ್ ಒಂದು ಸಿಕ್ಕಿತು. ಅದರಲ್ಲಿ ಟೈಮ್ ಕಾಂಪ್ಲೆಕ್ಸಿಟಿಯ, ಅಂದರೆ n ಬೆಳೆದಂತೆ ಕೋಡಿನ ಹೆಜ್ಜೆಗಳು ಎಷ್ಟು ಬೆಳೆಯುತ್ತವೆ ಎಂಬುದರ, 38 ಲೆಕ್ಕಗಳನ್ನು ಪೆನ್ನಿನಲ್ಲಿ ಬಿಡಿಸಿದ್ದೇನೆ. ಪ್ರತಿ ಉತ್ತರದ ಕೆಳಗೆ ಎರಡೆರಡು ಗೆರೆ ಬೇರೆ ಎಳೆದಿದ್ದೇನೆ. ಅಷ್ಟು ಧೈರ್ಯ ಆಗ. ದಿನಕ್ಕೆ ಐದಾರರಂತೆ ಎಲ್ಲವನ್ನೂ ಮತ್ತೆ ತಿದ್ದುವುದು, ಸಂಶಯ ಬಂದಲ್ಲಿ ಕೋಡ್ ಓಡಿಸಿ ಹೆಜ್ಜೆಗಳನ್ನು ನಿಜವಾಗಿಯೇ ಎಣಿಸುವುದು ಎಂದು ನಿರ್ಧರಿಸಿದೆ.

ಒಂಟಿ ಲೂಪಿನ ಲೆಕ್ಕಗಳು ಸರಿಯಾಗಿಯೇ ಇದ್ದವು. ಮೊದಲ ಪೆಟ್ಟು ಬಿದ್ದದ್ದು ಹನ್ನೊಂದನೇ ಲೆಕ್ಕದಲ್ಲಿ. ಅದನ್ನು ಪೈಥಾನಿನಲ್ಲಿ ಬರೆದರೆ ಹೀಗೆ:

```python
def hejje(n):
    c = 0
    i = n
    while i > 0:
        for j in range(i):
            c += 1
        i //= 2
    return c
```

ನಾನು ಬರೆದಿದ್ದ ಉತ್ತರ O(n log n). ಪಕ್ಕದಲ್ಲಿ ಕಾರಣವೂ ಇದೆ: "ಹೊರಲೂಪು ಅರ್ಧವಾಗುತ್ತದೆ, ಆದ್ದರಿಂದ log n. ಒಳಲೂಪು n ಸಲ. ಗುಣಿಸಿದರೆ n log n." ಓದಿದರೆ ಎಲ್ಲವೂ ಸರಿಯೆನ್ನಿಸುತ್ತದೆ. ತಪ್ಪಿರುವುದು "ಒಳಲೂಪು n ಸಲ" ಎಂಬಲ್ಲಿ. ಅದು n ಸಲ ಓಡುವುದು ಮೊದಲ ಸುತ್ತಿನಲ್ಲಿ ಮಾತ್ರ. n ಬೆಲೆ 1000 ಆದಾಗ ಹತ್ತು ಸುತ್ತುಗಳಲ್ಲಿ ಒಳಲೂಪಿನ ಹೆಜ್ಜೆಗಳನ್ನು ಸಾಲಾಗಿ ಬರೆದುಕೊಂಡೆ: 1000, 500, 250, 125, 62, 31, 15, 7, 3, 1. ಕೂಡಿಸಿದರೆ 1994. ಗುಣಾಕಾರ ಹೇಳುವುದು ಹತ್ತು ಸಾವಿರ. ಮೊದಲ ಸುತ್ತೊಂದೇ ಒಟ್ಟು ಕೆಲಸದ ಅರ್ಧವನ್ನು ಮುಗಿಸುತ್ತದೆ. ಉಳಿದ ಒಂಬತ್ತೂ ಸೇರಿ ಇನ್ನೊಂದು 1000ವನ್ನು ಮುಟ್ಟುವುದಿಲ್ಲ. n ಎಷ್ಟೇ ದೊಡ್ಡದಾದರೂ ಮೊತ್ತ 2n ದಾಟದು, ಆದ್ದರಿಂದ ಉತ್ತರ O(n).

ಇಲ್ಲಿ ಅಂಕ ಕೊಡುವವರಿಗೊಂದು ಪೇಚಿದೆ. ಬಿಗ್ ಓ ಎಂಬುದು ಮೇಲಿನ ಮಿತಿ ಮಾತ್ರ. n ಮೀರದ್ದು n log n ಅನ್ನೂ ಮೀರುವುದಿಲ್ಲವಾದ್ದರಿಂದ ನನ್ನ ಹಳೆಯ ಉತ್ತರವನ್ನು ಸುಳ್ಳು ಎನ್ನಲಾಗದು. ಆದರೆ ಪ್ರಶ್ನೆ ಕೇಳುವುದು ಬಿಗಿಯಾದ ಮಿತಿಯನ್ನು, ಅಂದರೆ ಥೀಟಾವನ್ನು. ಹಾಗಾಗಿ ಕೆಂಪು ಪೆನ್ನಿನಲ್ಲಿ "ಸಡಿಲ" ಎಂದು ಬರೆದೆ. ಕೊಟ್ಟ ಕಾರಣಕ್ಕೆ ಮಾತ್ರ ಸೊನ್ನೆ. ಅದು ಎಣಿಕೆಯೇ ಅಲ್ಲ.

ಎರಡನೇ ವಾರ

ಎಣಿಸುವ ಕೋಡೇ ಒಂದು ಸಂಜೆಯನ್ನು ತಿಂದಿತು. ಅರ್ಧವಾಗುವ ಒಂಟಿ ಲೂಪಿಗೆ 1000 ಕೊಟ್ಟರೆ ಹತ್ತರ ಬದಲು ಸಾವಿರಕ್ಕೂ ಮಿಕ್ಕಿ ಸುತ್ತುಗಳನ್ನು ತೋರಿಸಿತು. ನೋಡಿದರೆ `//` ಎಂದಿರಬೇಕಾದಲ್ಲಿ `/` ಒತ್ತಿದ್ದೆ. 125 ಆದ ಮೇಲೆ 62.5, 31.25 ಎಂದು ದಶಾಂಶಗಳಲ್ಲಿ ಇಳಿಯುತ್ತಾ, ಕಂಪ್ಯೂಟರಿಗೆ ಅದಕ್ಕಿಂತ ಚಿಕ್ಕದನ್ನು ಹಿಡಿಯಲಾಗದೆ ಸೊನ್ನೆ ಆಗುವವರೆಗೆ ಓಡಿದೆ. ಇತರರ ಎಣಿಕೆ ತಿದ್ದಲು ಹೊರಟ ಯಂತ್ರದ ಎಣಿಕೆಯೇ ಹೀಗಾದರೆ ಏನು ಹೇಳೋಣ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಕಾಡತೊಡಗಿತು. "ಲೂಪಿನೊಳಗೆ ಲೂಪು ಇದ್ದರೆ ಗುಣಿಸು" ಎಂಬ ಅಭ್ಯಾಸ ನನಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡದ್ದು ಹೇಗೆ? ಉತ್ತರ ಅದೇ ನೋಟ್‌ಬುಕ್ಕಿನ ಆರನೇ ಪುಟದಲ್ಲಿತ್ತು. ಅಲ್ಲಿ ಹೊರಗಿನ i ಸೊನ್ನೆಯಿಂದ n−1 ವರೆಗೆ ಒಂದೊಂದೇ ಏರುತ್ತದೆ, ಒಳಗಿನ j ಸೊನ್ನೆಯಿಂದ i−1 ವರೆಗೆ ಹೋಗುತ್ತದೆ. ಇಲ್ಲಿಯೂ ಒಳಲೂಪು ಪ್ರತಿ ಸಲ n ಓಡುವುದಿಲ್ಲ. ಆದರೂ ನಾನು n ಗುಣಿಸು n ಎಂದು ಬರೆದು ಪಾರಾಗಿದ್ದೇನೆ, ಏಕೆಂದರೆ ನಿಜವಾದ ಎಣಿಕೆ n(n−1)/2. ಅರ್ಧವನ್ನೂ ಚಿಕ್ಕ ಪದವನ್ನೂ ಬಿಟ್ಟರೆ n² ಉಳಿಯುತ್ತದೆ. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಊರು ತಲುಪಿದವನು ಮುಂದಿನ ಸಲವೂ ಅದೇ ದಾರಿ ಹಿಡಿಯುತ್ತಾನೆ.

ಎರಡೂ ಕಡೆ ಒಳಲೂಪಿನ ಓಟ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ, ಒಂದು ಕಡೆ ಮಾತ್ರ ಗುಣಾಕಾರ ಸರಿಬರುತ್ತದೆ. ವ್ಯತ್ಯಾಸ ತಿಳಿಯಲು ಒಂದು ಪ್ರಶ್ನೆಯನ್ನು ಅಂಚಿನಲ್ಲಿ ಬರೆದುಕೊಂಡೆ: ಹೊರಗಿನ ಸುತ್ತುಗಳಲ್ಲಿ ಎಷ್ಟು ಪಾಲು ಸುತ್ತುಗಳಲ್ಲಿ ಒಳಲೂಪು ತನ್ನ ಗರಿಷ್ಠದ ಅರ್ಧದಷ್ಟಾದರೂ ಓಡುತ್ತದೆ? ಆರನೇ ಪುಟದ ಲೆಕ್ಕದಲ್ಲಿ 1000 ಸುತ್ತುಗಳ ಪೈಕಿ ಸರಿಯಾಗಿ 500. ಹಾಗಾಗಿ ಗುಣಲಬ್ಧದ ಕಾಲು ಭಾಗವಾದರೂ ಖಚಿತ. ಹನ್ನೊಂದನೆಯದರಲ್ಲಿ ಹತ್ತರ ಪೈಕಿ ಎರಡೇ, 1000 ಮತ್ತು 500. n ದೊಡ್ಡದಾದಂತೆ ಹೊರಗಿನ ಸುತ್ತುಗಳು ಹೆಚ್ಚುತ್ತವೆ, ಈ ಎರಡು ಮಾತ್ರ ಎರಡೇ ಆಗಿ ಉಳಿಯುತ್ತವೆ.

ಹದಿನಾಲ್ಕನೇ ಲೆಕ್ಕದಲ್ಲಿ ಲೂಪುಗಳ ಸ್ಥಾನ ಅದಲುಬದಲು: ಹೊರಗೆ i 1ರಿಂದ n ವರೆಗೆ, ಒಳಗೆ j ಯು i ಯಿಂದ ಶುರುವಾಗಿ ಅರ್ಧವಾಗುತ್ತಾ ಹೋಗುತ್ತದೆ. ಮೇಲ್ನೋಟಕ್ಕೆ ಹನ್ನೊಂದನೆಯದರ ಅವಳಿ. ಆದರೆ ಇಲ್ಲಿ 512ರಿಂದ 1000ದವರೆಗಿನ 489 ಸುತ್ತುಗಳೂ ಪೂರ್ತಿ ಹತ್ತು ಹೆಜ್ಜೆ ಓಡುತ್ತವೆ. ಒಟ್ಟು 8987. ಇದು ನಿಜವಾದ n log n.

ಮೂರನೇ ವಾರ

ಹೊಸ ಪ್ರಶ್ನೆಯ ಹುಮ್ಮಸ್ಸಿನಲ್ಲಿ ಸರಿಯಾಗಿದ್ದ ಒಂದು ಉತ್ತರವನ್ನು ನಾನೇ ಕೆಡಿಸಿದೆ. ಇಪ್ಪತ್ತಾರನೇ ಲೆಕ್ಕ:

```python
for i in range(1, n + 1):
    for j in range(i, n + 1, i):
        c += 1
```

ಇಲ್ಲಿ ಒಳಲೂಪು i ಅಷ್ಟು ಹಾರಿ ಹಾರಿ ಹೋಗುತ್ತದೆ. ಓಡುವುದು n/i ಸಲ. ಗರಿಷ್ಠದ ಅರ್ಧ ಮುಟ್ಟುವುದು i ಬೆಲೆ 1 ಮತ್ತು 2 ಆದಾಗ ಮಾತ್ರ. "ಎರಡೇ ಸುತ್ತು, ಆದ್ದರಿಂದ O(n)" ಎಂದು ಹಳೆಯ O(n log n) ಅನ್ನು ಹೊಡೆದುಹಾಕಿದೆ. ರಾತ್ರಿ ಕೋಡ್ ಓಡಿಸಿದಾಗ ಬಂದದ್ದು ಇದು:

```
n        c        c/n
10       27       2.7
100      482      4.82
1000     7069     7.069
10000    93668    9.3668
```

O(n) ಆಗಿದ್ದರೆ ಕೊನೆಯ ಅಂಕಣ ಒಂದು ಕಡೆ ನೆಲೆ ನಿಲ್ಲಬೇಕಿತ್ತು. ಹನ್ನೊಂದನೇ ಲೆಕ್ಕದಲ್ಲಿ ಹಾಗೆಯೇ ಆಗುತ್ತದೆ: 1000ಕ್ಕೆ 1.994, 10000ಕ್ಕೆ 1.9995. ಇಲ್ಲಿ n ಹತ್ತು ಪಟ್ಟಾದಾಗಲೆಲ್ಲ ಸುಮಾರು 2.3 ಸೇರುತ್ತಿದೆ. ಹತ್ತರ ಸಹಜ ಲಾಗ್ 2.303, ಲಾಗ್ ತನ್ನ ಹೆಸರನ್ನು ತಾನೇ ಹೇಳುತ್ತಿದೆ. ಸುತ್ತಿನ ಹೆಜ್ಜೆಗಳು n, n/2, n/3, n/4 ಎಂದು ನಿಧಾನವಾಗಿ ಇಳಿಯುವುದರಿಂದ ಬಾಲದ ಚಿಕ್ಕಚಿಕ್ಕ ಸುತ್ತುಗಳೂ ಸೇರಿ ಭಾರವಾಗುತ್ತವೆ. n, n/2, n/4, n/8 ಎಂದು ಪ್ರತಿ ಸಲ ಅರ್ಧವಾದರೆ ಬಾಲಕ್ಕೆ ತೂಕವಿಲ್ಲ. ಗುಣಾಕಾರವನ್ನು ನಂಬಬಾರದೆಂದು ನನ್ನ ಅಂಚಿನ ಪ್ರಶ್ನೆ ಎಚ್ಚರಿಸುತ್ತದೆ, ಅಷ್ಟೇ. ಮೊತ್ತ ಎಷ್ಟೆಂದು ಅದು ಹೇಳುವುದಿಲ್ಲ. ಸಾಲು ಬರೆದು ಕೂಡಿಸಲೇಬೇಕು.

ಕೋಡಿನ ಎಣಿಕೆಯನ್ನು ಓದುವಾಗಲೂ ಎಚ್ಚರ ಬೇಕು. n ದ್ವಿಗುಣಗೊಳಿಸಿ ಎಣಿಕೆ ಎಷ್ಟು ಪಟ್ಟಾಯಿತೆಂದು ನೋಡುವುದು ನನ್ನ ಮೊದಲ ವಿಧಾನವಾಗಿತ್ತು. n² ಇದ್ದರೆ ನಾಲ್ಕು ಪಟ್ಟು, ಗೊಂದಲವಿಲ್ಲ. ಆದರೆ n ಮತ್ತು n log n ಎರಡೂ ಎರಡು ಪಟ್ಟಿನ ಆಸುಪಾಸಿನಲ್ಲೇ ಸುಳಿಯುತ್ತವೆ. ಹದಿನಾಲ್ಕನೇ ಲೆಕ್ಕದಲ್ಲಿ 1024ಕ್ಕೆ 9228, 2048ಕ್ಕೆ 20493, ಅಂದರೆ 2.22 ಪಟ್ಟು, n ಬೆಳೆದಂತೆ ಇದೂ ಎರಡರ ಕಡೆಗೆ ಜಾರುತ್ತದೆ. c/n ಅಂಕಣವನ್ನು ನಾಲ್ಕೈದು ಗಾತ್ರಗಳಿಗೆ ಬರೆದು ಏರುತ್ತಿದೆಯೋ ನಿಂತಿದೆಯೋ ಎಂದು ನೋಡುವುದೇ ವಾಸಿ.

ಈವರೆಗೆ 31 ಮುಗಿದಿವೆ. ಹಳೆಯ ತಪ್ಪುಗಳು ಐದು, ಅವುಗಳಲ್ಲಿ ನಾಲ್ಕು ಹನ್ನೊಂದನೆಯದರ ದಾಯಾದಿಗಳು. ಹೊಸ ತಪ್ಪು ಒಂದು, ಕೆಂಪು ಪೆನ್ನಿನದು. ಅದನ್ನು ಹಸಿರಿನಲ್ಲಿ ತಿದ್ದಿದ್ದೇನೆ. ಉಳಿದ ಏಳೂ ಮೂರು ಲೂಪುಗಳವು. ಮೊದಲನೆಯದರಲ್ಲಿ ನಡುವಿನ ಲೂಪು ಅರ್ಧವಾಗುತ್ತದೆ, ಒಳಗಿನದು ನಡುವಿನದನ್ನೇ ನೆಚ್ಚಿಕೊಂಡಿದೆ. ಹೊರಗಿನದು ಇವೆರಡರ ತಂಟೆಗೂ ಹೋಗುವುದಿಲ್ಲ. ಒಳಗಿನ ಎರಡನ್ನು ಕೂಡಿಸಿ, ಹೊರಗಿನದರಿಂದ ಗುಣಿಸಿ n² ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಕೋಡ್ ಇನ್ನೂ ಓಡಿಸಿಲ್ಲ.